ನೀರಲ್ಲಿ ಬಂದ್ ಬಿದ್ದ ಗಾಡಿಗೆ ಸೆಲ್ಫ್ ಹೊಡೆಯುವ ಮೊದಲು: ಹೊಳೆ ಬಂದ ರಸ್ತೆ, ಕಾನೂನು ಮತ್ತು ಎಂಜಿನ್ ಕ್ಲೇಮ್

ನನ್ನ ಗ್ಯಾರೇಜು ಗೋಕಾಕದಲ್ಲಿದೆ. ಘಟಪ್ರಭಾ ಹೊಳೆ ಬಂದ ವಾರ ಟೋಚನ್ ಹಾಕಿಕೊಂಡು ಬರುವ ಗಾಡಿಗಳಿಗೆ ಅಂಗಳದಲ್ಲಿ ಜಾಗ ಸಾಲುವುದಿಲ್ಲ. ಅವುಗಳಲ್ಲಿ ಕೆಲವು ಎರಡು ದಿನದಲ್ಲಿ ಚಾಲೂ ಆಗಿ ಮನೆಗೆ ಹೋಗುತ್ತವೆ. ಕೆಲವು ತಿಂಗಳುಗಟ್ಟಲೆ ಬಾನೆಟ್ ತೆರೆದುಕೊಂಡು ನಿಲ್ಲುತ್ತವೆ, ಯಜಮಾನ ಇನ್ಶುರೆನ್ಸ್ ಆಫೀಸಿಗೆ ಅಲೆಯುತ್ತಾನೆ. ಎರಡೂ ಗಾಡಿ ಹೋದದ್ದು ಅದೇ ನೀರಿನಲ್ಲಿ. ಬಂದ್ ಬಿದ್ದ ಮೇಲಿನ ಹತ್ತು ನಿಮಿಷದಲ್ಲಿ ಏನು ಮಾಡಿದರು ಅನ್ನುವುದರಲ್ಲಿ ವ್ಯತ್ಯಾಸ ಇರುತ್ತದೆ.

ಒಂದು ಗಾಡಿಯ ಕಥೆಯನ್ನೇ ಹಿಡಿದು ಹೇಳುತ್ತೇನೆ. ಮೂರೂವರೆ ವರ್ಷದ ಪೆಟ್ರೋಲ್ ಕಾರು. ನಮ್ಮ ಪರಿಚಯದ ಒಬ್ಬ ರೈತರದು, ಓಡಿಸುತ್ತಿದ್ದವನು ಅವರ ಮಗ. ಜುಲೈ ತಿಂಗಳ ಸಂಜೆ, ಊರ ಹೊರಗಿನ ಹಳ್ಳದ ಕೆಳಸೇತುವೆ. ಮುಂದೆ ಒಂದು ಟ್ರ್ಯಾಕ್ಟರ್ ದಾಟಿತು, ಇವನೂ ಹಿಂದೆಯೇ ಇಳಿಸಿದ. ನಡುವೆ ಗಾಡಿ ಬಂದ್ ಬಿತ್ತು. ಮೂರು ಸಲ ಸೆಲ್ಫ್ ಹೊಡೆದ. ಆಗಲಿಲ್ಲ. ಅದೇ ಟ್ರ್ಯಾಕ್ಟರಿನವರು ಹಗ್ಗ ಕಟ್ಟಿ ಎಳೆದರು. ದಡಕ್ಕೆ ಬಂದ ಮೇಲೆ ಯಾರೋ ಹೇಳಿದರು, "ಸೆಕೆಂಡ್ ಗೇರ್ ಹಾಕಿ ಕ್ಲಚ್ ಬಿಡಪಾ, ಚಾಲೂ ಆಕ್ಕೈತಿ" ಅಂತ. ಒಂದು ದೊಡ್ಡ ಶಬ್ದ ಬಂತು, ಮುಂದಿನ ಚಕ್ರ ಜಾಮ್ ಆಯಿತು. ಎಂಜಿನ್ ಒಳಗೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗಿತ್ತು.

ಇಳಿಸುವ ಮೊದಲು ಅಳೆಯಿರಿ

ಬೇಸಿಗೆಯಲ್ಲೇ ಮಾಡಿಡಬೇಕಾದ ಒಂದು ಕೆಲಸ ಇದೆ. ಬಾನೆಟ್ ತೆಗೆದು ಏರ್ ಫಿಲ್ಟರ್ ಡಬ್ಬಿ ಹುಡುಕಿ. ಅಲ್ಲಿಂದ ಮುಂದಕ್ಕೆ ಹೋಗುವ ಕಪ್ಪು ಪೈಪನ್ನು ಹಿಡಿದುಕೊಂಡು ಅದರ ಬಾಯಿ ಎಲ್ಲಿದೆ ನೋಡಿ. ಸುಮಾರು ಗಾಡಿಗಳಲ್ಲಿ ಅದು ಹೆಡ್‌ಲೈಟ್ ಹಿಂದೆ ಅಥವಾ ಮುಂದಿನ ಜಾಲಿಯ ಹತ್ತಿರ ಇರುತ್ತದೆ. ನೆಲದಿಂದ ಆ ಬಾಯಿಗೆ ಟೇಪ್ ಹಿಡಿದು ಅಳೆದು ಬರೆದಿಟ್ಟುಕೊಳ್ಳಿ. ಎಂಜಿನ್ ಉಸಿರಾಡುವುದು ಅಲ್ಲಿಂದ. ನೀರು ಅಲ್ಲಿಗೆ ಮುಟ್ಟಿದರೆ ಎಂಜಿನ್ ಗಾಳಿ ಬದಲು ನೀರನ್ನು ಎಳೆದುಕೊಳ್ಳುತ್ತದೆ.

ಆದರೆ ಬಾಯಿ ಅರವತ್ತು ಸೆಂಟಿಮೀಟರ್ ಎತ್ತರ ಇದೆ ಅಂತ ಐವತ್ತು ಸೆಂಟಿಮೀಟರ್ ನೀರಿಗೆ ಇಳಿಸಬಾರದು. ಗಾಡಿ ಮುಂದೆ ಹೋದಂತೆ ಬಂಪರ್ ಮುಂದೆ ಅಲೆ ಏಳುತ್ತದೆ. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಅದರ ಅಲೆ ಬಾನೆಟ್ ಮೇಲೇ ಹತ್ತುತ್ತದೆ. ಆ ಹುಡುಗನ ಗಾಡಿಯಲ್ಲಿ ಆದದ್ದೂ ಇದೇ. ನಿಂತ ನೀರು ಅಷ್ಟು ಇರಲಿಲ್ಲ, ಅಲೆ ಬಂದು ಕುಡಿಸಿತು. ಟ್ರ್ಯಾಕ್ಟರ್ ದಾಟಿದ್ದು ನಮ್ಮ ಕಾರಿಗೆ ಅಳತೆಯೇ ಅಲ್ಲ.

ನಾನು ಗಿರಾಕಿಗಳಿಗೆ ಹೇಳುವ ಮಿತಿ ಇಷ್ಟು: ಸಣ್ಣ ಕಾರಿಗೆ ಚಕ್ರದ ನಡುವಿನ ನಟ್ಟಿಗಿಂತ ಕೆಳಗೆ, ಅಂದರೆ ಹೆಚ್ಚೆಂದರೆ 25 ಸೆಂಟಿಮೀಟರ್. ನಿಮ್ಮ ಕಾಲಿನ ಲೆಕ್ಕದಲ್ಲಿ ಮೀನಖಂಡದ ಅರ್ಧ. ಅದೂ ನಿಂತ ನೀರಿಗೆ ಮಾತ್ರ. ಹರಿಯುವ ನೀರಿಗೆ ಮಿತಿ ಅಂತ ಇಲ್ಲ, ಇಳಿಸಬಾರದು ಅಷ್ಟೇ.

ಯಾಕೆ ಅಂತ ಒಂದು ಲೆಕ್ಕ ಹೇಳುತ್ತೇನೆ. ಸಣ್ಣ ಕಾರಿನ ತೂಕ ಸುಮಾರು 900 ಕಿಲೊ. ಅದರ ತಳ ಸುಮಾರು 5 ಚದರ ಮೀಟರ್ ಅಂತ ಹಿಡಿಯಿರಿ. ನೀರು ತಳಕ್ಕಿಂತ 10 ಸೆಂಟಿಮೀಟರ್ ಮೇಲೆ ಬಂದರೆ ಅರ್ಧ ಘನ ಮೀಟರ್ ನೀರನ್ನು ಗಾಡಿ ಪಕ್ಕಕ್ಕೆ ತಳ್ಳಿದಂತೆ. ಅಂದರೆ ಕೆಳಗಿನಿಂದ 500 ಕಿಲೊ ಎತ್ತುತ್ತದೆ. ಚಕ್ರದ ಮೇಲೆ ಉಳಿಯುವ ಭಾರ ಬರೀ 400 ಕಿಲೊ. ತಳ ನೆಲದಿಂದ 17 ಸೆಂಟಿಮೀಟರ್ ಇದ್ದರೆ, ಒಟ್ಟು 35 ಸೆಂಟಿಮೀಟರ್ ಹತ್ತಿರ ಬಂದಾಗ ಗಾಡಿ ಹೆಚ್ಚುಕಡಿಮೆ ತೇಲುತ್ತದೆ. ಒಳಗೆ ನೀರು ತುಂಬುವವರೆಗೆ ಅದು ದೋಣಿ. ಅದಕ್ಕೂ ಮೊದಲೇ ಟೈರಿನ ಹಿಡಿತ ಹೋಗಿರುತ್ತದೆ. ಪಕ್ಕದಿಂದ ಹರಿವು ಇದ್ದರೆ ಸ್ಟಿಯರಿಂಗ್ ಏನೂ ಕೇಳುವುದಿಲ್ಲ.

ನಮ್ಮ ಕಡೆ ಇನ್ನೂ ಎರಡು ಅಪಾಯ ಇವೆ. ಮೊದಲನೆಯದು, ಇಲ್ಲಿ ಬಿಸಿಲು ಇದ್ದಾಗಲೂ ಹೊಳೆ ಏರುತ್ತದೆ. ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟರೆ ಘಟಪ್ರಭಾ, ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಆದರೆ ಕೃಷ್ಣಾ, ದೂಧಗಂಗಾ, ವೇದಗಂಗಾ. 2019ರ ಆಗಸ್ಟ್‌ನಲ್ಲಿ ನಿಪ್ಪಾಣಿ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೇ ನೀರು ನಿಂತು ಗಾಡಿಗಳು ದಿನಗಟ್ಟಲೆ ಸಾಲಾಗಿ ನಿಂತಿದ್ದವು. ಬೆಳಿಗ್ಗೆ ದಾಟಿದ ಸೇತುವೆ ಸಂಜೆಗೂ ಹಾಗೇ ಇರುತ್ತದೆ ಅಂತ ನಂಬಬೇಡಿ. ಎರಡನೆಯದು ಎರೆಮಣ್ಣು. ರಸ್ತೆಯ ಅಂಚಿನಲ್ಲಿ ಡಾಂಬರು ಕಾಣುತ್ತದೆ, ಕೆಳಗಿನ ಮಣ್ಣು ಕೊಚ್ಚಿ ಹೋಗಿರುತ್ತದೆ. ವಿಜಯಪುರದ ಡೋಣಿ ಸೀಮೆಯಲ್ಲಿ ಓಡಾಡಿದವರಿಗೆ ಇದು ಗೊತ್ತು. ನೀರಿನ ಬಣ್ಣ ಕೆಂಪೋ ಕಪ್ಪೋ ಇದ್ದರೆ ಕೆಳಗೆ ರಸ್ತೆ ಇದೆಯೋ ಇಲ್ಲವೋ ಕಾಣುವುದೇ ಇಲ್ಲ.

ಕಾನೂನು ಏನು ಹೇಳುತ್ತದೆ

ಸೇತುವೆಗೆ ಅಡ್ಡಲಾಗಿ ಬ್ಯಾರಿಕೇಡ್ ಹಾಕಿದ್ದರೆ, ಅಥವಾ ಪೊಲೀಸರು, ತಹಶೀಲ್ದಾರ್ ಕಡೆಯವರು ನಿಂತು ಬೇಡ ಅಂದರೆ, ಅದು ಸಲಹೆ ಅಲ್ಲ, ಆದೇಶ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೇ ಕಲಂ ಪ್ರಕಾರ ವಾಹನ ಸಂಚಾರ ತಡೆಯುವ ಅಧಿಕಾರ ಜಿಲ್ಲಾ ಪ್ರಾಧಿಕಾರಕ್ಕೆ ಇದೆ. ಅದನ್ನು ಮೀರಿದರೆ 51ನೇ ಕಲಂ ಬರುತ್ತದೆ. ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಆಗಬಹುದು. ಮೀರಿದ್ದರಿಂದ ಜೀವ ಹೋದರೆ ಅಥವಾ ಜೀವಕ್ಕೆ ಅಪಾಯ ಎದುರಾದರೆ ಎರಡು ವರ್ಷದವರೆಗೆ.

ಬ್ಯಾರಿಕೇಡ್ ಇಲ್ಲ ಅಂದರೆ ಪರವಾನಗಿ ಇದೆ ಅಂತಲೂ ಅಲ್ಲ. ಜನರ ಜೀವಕ್ಕೆ ಅಪಾಯ ಆಗುವ ಹಾಗೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 184, ಭಾರತೀಯ ನ್ಯಾಯ ಸಂಹಿತೆಯ 281 ಬೀಳುತ್ತವೆ. ಗಾಡಿಯಲ್ಲಿದ್ದವರು ಸತ್ತರೆ ಅದೇ ಸಂಹಿತೆಯ 106ನೇ ಕಲಂ, ಐದು ವರ್ಷದವರೆಗೆ ಶಿಕ್ಷೆ. ಟೆಂಪೊ, ಸ್ಕೂಲ್ ವ್ಯಾನ್ ಓಡಿಸುವ ಅಣ್ಣತಮ್ಮಂದಿರು ಇದನ್ನು ಚೆನ್ನಾಗಿ ನೆನಪಿಡಬೇಕು. "ಹೊಡೀರಿ, ಏನಾಗೂದಿಲ್ಲ" ಅಂತ ಹಿಂದೆ ಕುಳಿತವರು ಹೇಳುತ್ತಾರೆ. ಸ್ಟಿಯರಿಂಗ್ ನಿಮ್ಮ ಕೈಯಲ್ಲಿದೆ, ಕೇಸು ಬೀಳುವುದೂ ನಿಮ್ಮ ಮೇಲೇ.

ಇದೇ ಬ್ಯಾರಿಕೇಡ್ ಮುಂದೆ ಕ್ಲೇಮ್‌ನಲ್ಲೂ ಬರುತ್ತದೆ. ಮುಚ್ಚಿದ ರಸ್ತೆಗೆ ಇಳಿಸಿದ್ದರೆ ವಿಮಾ ಕಂಪನಿಗೆ ಬೇರೆ ಕಾರಣ ಹುಡುಕುವ ಕೆಲಸವೇ ಇಲ್ಲ.

ಇಳಿಸಲೇಬೇಕಾಗಿ ಬಂದರೆ

ಆಳ ಗೊತ್ತಿದೆ, ನೀರು ನಿಂತಿದೆ, ಬೇರೆ ದಾರಿ ಇಲ್ಲ. ಆಗ ಹೀಗೆ ಮಾಡಿ. ಎಲ್ಲರ ಸೀಟ್ ಬೆಲ್ಟ್ ತೆಗೆಸಿ, ಬಾಗಿಲ ಲಾಕ್ ತೆಗೆಯಿರಿ, ಗಾಜು ಇಳಿಸಿ. ನೀರು ಒತ್ತಿದ ಮೇಲೆ ಬಾಗಿಲು ತೆರೆಯುವುದು ಕಷ್ಟ. ಪವರ್ ವಿಂಡೋ ಕೂಡ ಕೈ ಕೊಡಬಹುದು. ಎಸಿ ಬಂದ್ ಮಾಡಿ, ಇಲ್ಲದಿದ್ದರೆ ಮುಂದಿನ ಫ್ಯಾನ್ ನೀರನ್ನು ಎಂಜಿನ್ ಮೇಲೆ ಚಿಮ್ಮಿಸುತ್ತದೆ. ಎದುರಿನ ಗಾಡಿ ಪೂರ್ತಿ ದಾಟುವವರೆಗೆ ಕಾಯಿರಿ. ಫಸ್ಟ್ ಗೇರ್, ನಡೆಯುವಷ್ಟು ವೇಗ, ಆಕ್ಸಿಲರೇಟರ್ ಒಂದೇ ಸಮ. ನಡುವೆ ಗೇರ್ ಬದಲಿಸಬೇಡಿ, ನಿಲ್ಲಿಸಬೇಡಿ. ಜೋರಾಗಿ ನುಗ್ಗಿಸಿದರೆ ಅಲೆ ಮೇಲೇಳುತ್ತದೆ, ಎಂಜಿನ್ ಜಾಸ್ತಿ ಗಾಳಿ ಎಳೆಯುತ್ತದೆ, ಜೊತೆಗೆ ನೀರನ್ನೂ. ದಾಟಿದ ಮೇಲೆ ಬ್ರೇಕ್ ಹಗುರವಾಗಿ ನಾಲ್ಕೈದು ಸಲ ಒತ್ತಿ ಒಣಗಿಸಿ.

ಬಂದ್ ಬಿದ್ದ ಕ್ಷಣ

ಮೊದಲು ಜನ. ನೀರು ಹರಿಯುತ್ತಿದ್ದರೆ, ಏರುತ್ತಿದ್ದರೆ, ಗಾಡಿ ಬಿಟ್ಟು ಇಳಿಯಿರಿ. 112ಕ್ಕೆ ಅಥವಾ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಫೋನ್ ಮಾಡಿ. ಗಾಡಿ ಆಮೇಲೆ.

ನೀರು ನಿಂತದ್ದಾಗಿದ್ದರೆ ನಿಮ್ಮ ಕೈ ಕೀಲಿಯ ಕಡೆ ತಾನಾಗಿಯೇ ಹೋಗುತ್ತದೆ. ಅದನ್ನೇ ತಡೆಯಬೇಕು. ಕೀಲಿ ಆಫ್ ಮಾಡಿ ತೆಗೆದು ಜೇಬಿಗೆ ಹಾಕಿಕೊಳ್ಳಿ.

ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. 1200 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದೊಂದು ಸಿಲಿಂಡರ್ 300 ಸಿಸಿ. ಪಿಸ್ಟನ್ ಮೇಲೆ ಬಂದು ಗಾಳಿಯನ್ನು ಹತ್ತನೇ ಒಂದು ಭಾಗಕ್ಕೆ ಒತ್ತುತ್ತದೆ ಅಂದರೆ ಮೇಲೆ ಉಳಿಯುವ ಜಾಗ ಸುಮಾರು 33 ಸಿಸಿ. ನಮ್ಮ ಹೋಟೆಲಿನ ಒಂದು ಸಿಂಗಲ್ ಚಹಾದ ಅರ್ಧ. ಡೀಸೆಲ್‌ನಲ್ಲಿ ಇನ್ನೂ ಕಡಿಮೆ, 20 ಸಿಸಿ ಆಸುಪಾಸು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಅಷ್ಟು ನೀರು ಒಳಗಿದ್ದರೆ ಪಿಸ್ಟನ್ ಕಲ್ಲಿಗೆ ಹೊಡೆದಂತೆ ನಿಲ್ಲುತ್ತದೆ. ಹಿಂದಿನಿಂದ ತಳ್ಳುವ ಬಲ ಜಾಸ್ತಿ ಇದ್ದರೆ ರಾಡ್ ಬಗ್ಗುತ್ತದೆ. ಇದಕ್ಕೇ ಹೈಡ್ರೋಲಾಕ್ ಅನ್ನುವುದು.

ನಿಧಾನ ಹೋಗುವಾಗ ಬಂದ್ ಬಿದ್ದ ಎಂಜಿನ್‌ನಲ್ಲಿ ಸುಮಾರು ಸಲ ಏನೂ ಮುರಿದಿರುವುದಿಲ್ಲ. ಸುಮ್ನೆ ಉಸಿರು ಕಟ್ಟಿರುತ್ತದೆ. ಸೆಲ್ಫ್ ಮೋಟಾರು ಒಂದೇ ಏಟಿಗೆ ರಾಡ್ ಬಗ್ಗಿಸದೆಯೂ ಇರಬಹುದು. ಆದರೆ ಒಂದು ಸಿಲಿಂಡರಿನಲ್ಲಿ ನೀರಿದ್ದು ಪಕ್ಕದ್ದು ಹೊತ್ತಿಕೊಂಡರೆ ಕಥೆ ಮುಗಿಯಿತು. ಟ್ರ್ಯಾಕ್ಟರ್ ಎಳೆಯುವಾಗ ಗೇರಿನಲ್ಲಿ ಕ್ಲಚ್ ಬಿಟ್ಟರಂತೂ ಟನ್‌ಗಟ್ಟಲೆ ಭಾರ ಎಲ್ಲಾ ಆ ಒಂದು ರಾಡಿನ ಮೇಲೆ ಬೀಳುತ್ತದೆ. ಬೈಕಿಗೂ ಇದೇ ಮಾತು. ಪ್ಲಗ್ ಬಿಚ್ಚದೆ ಕಿಕ್ ಹೊಡೆಯಬೇಡಿ, ತಳ್ಳಿ ಚಾಲೂ ಮಾಡಬೇಡಿ.

ಹಾಗಾಗಿ ನ್ಯೂಟ್ರಲ್‌ನಲ್ಲಿ ಹಾಕಿ ಕೈಯಿಂದ ತಳ್ಳಿ ಹೊರಗೆ ತನ್ನಿ, ಅಥವಾ ನ್ಯೂಟ್ರಲ್‌ನಲ್ಲೇ ಟೋಚನ್ ಹಾಕಿಸಿ. ಆಟೊಮ್ಯಾಟಿಕ್ ಗಾಡಿ ಆದರೆ ಎತ್ತಿಕೊಂಡು ಹೋಗುವ ಗಾಡಿಯನ್ನೇ ಕರೆಸಿ. ದಡಕ್ಕೆ ಬಂದ ಮೇಲೆ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ರಸ್ತೆ ನಡುವೆ ಬಿಟ್ಟು ಹೋಗಬೇಡಿ. ಇತರರಿಗೆ ಅಪಾಯ ಆಗುವ ಹಾಗೆ ನಿಲ್ಲಿಸುವುದು ಮೋಟಾರು ವಾಹನ ಕಾಯ್ದೆಯಲ್ಲಿ ತಪ್ಪು. ಕಾವಲಿಲ್ಲದೆ ಬಿಟ್ಟದ್ದು ಪಾಲಿಸಿಯ ಷರತ್ತಿಗೂ ವಿರುದ್ಧ.

ಆಮೇಲೆ ಫೋನ್ ತೆಗೆಯಿರಿ. ಗಾಡಿ ನೀರಲ್ಲಿ ನಿಂತ ಚಿತ್ರ, ಚಕ್ರದ ಮೇಲೆ ನೀರಿನ ಗುರುತು, ಸುತ್ತಲಿನ ರಸ್ತೆ, ಮೀಟರ್ ಬೋರ್ಡ್. ಅದೇ ದಿನ ವಿಮಾ ಕಂಪನಿಯ ಉಚಿತ ನಂಬರಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ತೆಗೆದುಕೊಳ್ಳಿ. ಇಮೇಲ್ ಕೂಡ ಹಾಕಿ: "ಇಷ್ಟು ಗಂಟೆಗೆ, ಇಂಥ ಕಡೆ, ನಿಂತ ನೀರಿನಲ್ಲಿ ಗಾಡಿ ಬಂದ್ ಬಿತ್ತು. ಮತ್ತೆ ಚಾಲೂ ಮಾಡಲು ಪ್ರಯತ್ನಿಸಿಲ್ಲ. ನ್ಯೂಟ್ರಲ್‌ನಲ್ಲಿ ಎಳೆಸಿದ್ದೇನೆ." ನಿಜವಾಗಿ ಮಾಡಿದ್ದನ್ನೇ ಬರೆಯಿರಿ. ಸುಳ್ಳು ಹೇಳಿದರೆ ಪೂರ್ತಿ ಕ್ಲೇಮೇ ಬಿದ್ದುಹೋಗಬಹುದು, ಸುಳ್ಳು ಸಿಕ್ಕಿಬೀಳುವುದು ಹೇಗೆ ಅಂತ ಕೆಳಗೆ ಹೇಳುತ್ತೇನೆ.

ಗ್ಯಾರೇಜಿನಲ್ಲಿ

ಇಲ್ಲಿ ಒಂದು ಇಕ್ಕಟ್ಟು ಇದೆ. ಹಾನಿ ನೋಡಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಬಂದು ನೋಡುವ ಮೊದಲು ಎಂಜಿನ್ ಬಿಚ್ಚಬಾರದು. ಆದರೆ ನೀರು ಒಳಗೆ ಬಿಟ್ಟರೆ ಒಂದೆರಡು ದಿನದಲ್ಲೇ ಸಿಲಿಂಡರಿಗೆ ತುಕ್ಕು ಹಿಡಿಯುತ್ತದೆ. ಹೊಳೆ ಬಂದ ವಾರ ಸರ್ವೇಯರ್ ಅಂದೇ ಸಿಗುವುದಿಲ್ಲ. ನಾನು ಮಾಡುವುದು ಇಷ್ಟು. ಗಾಡಿಯವರಿಂದ ಕಂಪನಿಗೆ ಇಮೇಲ್ ಹಾಕಿಸುತ್ತೇನೆ: "ಹಾನಿ ಹೆಚ್ಚಾಗದಂತೆ ಪ್ಲಗ್ ಬಿಚ್ಚಿ ನೀರು ತೆಗೆಸಲು ಒಪ್ಪಿಗೆ ಕೊಡಿ" ಅಂತ. ಒಪ್ಪಿಗೆ ಬಂದ ಮೇಲೆ ಮೊದಲಿಂದ ಕೊನೆವರೆಗೆ ವಿಡಿಯೋ ಮಾಡಿಕೊಂಡೇ ಕೆಲಸ.

ಮೊದಲು ಏರ್ ಫಿಲ್ಟರ್. ಒಣಗಿದ್ದರೆ ಎಂಜಿನ್‌ಗೆ ನೀರು ಹೋಗಿಲ್ಲ, ಬಂದ್ ಬಿದ್ದದ್ದು ವಯರಿಂಗ್ ಅಥವಾ ಸೆನ್ಸರ್‌ನಿಂದ ಇರಬೇಕು. ಒದ್ದೆಯಾಗಿದ್ದರೆ ಎಣ್ಣೆಯ ಕಡ್ಡಿ ಎಳೆದು ನೋಡುತ್ತೇನೆ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ಬಂದಿದ್ದರೆ ಕೆಳಗಿನ ಚೇಂಬರಿಗೂ ನೀರು ಇಳಿದಿದೆ. ಆಮೇಲೆ ಎಲ್ಲಾ ಪ್ಲಗ್ ಬಿಚ್ಚಿ, ಡೀಸೆಲ್ ಆದರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ, ಪುಲ್ಲಿಗೆ ಪಾನಾ ಹಾಕಿ ಕೈಯಿಂದ ತಿರುಗಿಸುತ್ತೇನೆ. ನೀರು ಪಿಚಕಾರಿ ಹಾಗೆ ಹಾರುತ್ತದೆ. ಪೂರ್ತಿ ಎರಡು ಸುತ್ತು ಎಲ್ಲೂ ತಡೆಯದೆ ತಿರುಗಿದರೆ ಅರ್ಧ ಗೆದ್ದಂತೆ. ಎಣ್ಣೆ, ಫಿಲ್ಟರ್ ಬದಲಿಸಿ, ಸ್ವಲ್ಪ ಓಡಿಸಿ ಮತ್ತೊಮ್ಮೆ ಎಣ್ಣೆ ಬದಲಿಸಿ, ಕಂಪ್ರೆಷನ್ ನೋಡಿ ಕೊಡುತ್ತೇನೆ. ಒಂದು ಸಿಲಿಂಡರಿನಲ್ಲಿ ಮಾತ್ರ ಕಂಪ್ರೆಷನ್ ಕಡಿಮೆ ಇದ್ದರೆ ರಾಡ್ ಬಗ್ಗಿರುವ ಸಂಶಯ.

ಕಂಪನಿ ಯಾಕೆ ಬೇಡ ಅನ್ನುತ್ತದೆ

ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ನಿಮ್ಮ ಗಾಡಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಜನ ಫುಲ್ ಇನ್ಶುರೆನ್ಸ್ ಅನ್ನುವ ಪಾಲಿಸಿಯಲ್ಲಿ ಪ್ರವಾಹದ ಹಾನಿ ಸೇರಿದೆ. ಮತ್ತೆ ಎಂಜಿನ್ ಯಾಕೆ ಕೊಡುವುದಿಲ್ಲ ಅಂತ ಎಲ್ಲರೂ ಕೇಳುತ್ತಾರೆ.

ಉತ್ತರ ಪಾಲಿಸಿಯ ಎರಡು ಸಾಲಿನಲ್ಲಿದೆ. ಒಂದು, ಪ್ರವಾಹದಿಂದ ನೇರವಾಗಿ ಆದ ಹಾನಿ ಕೊಡುತ್ತೇವೆ, ಅದರ ನಂತರ ಅದರಿಂದ ಹುಟ್ಟಿದ ಹಾನಿ ಮತ್ತು ಯಂತ್ರದ ಕೆಡುಕು ಕೊಡುವುದಿಲ್ಲ. ಎರಡು, ಗಾಡಿ ಕಾಪಾಡಲು ಮಾಲೀಕ ತಕ್ಕ ಎಚ್ಚರ ವಹಿಸಬೇಕು. ಕೆಟ್ಟ ಗಾಡಿಯನ್ನು ರಿಪೇರಿ ಮಾಡಿಸದೆ ಓಡಿಸಿದರೆ ಮುಂದೆ ಹೆಚ್ಚಾದ ಹಾನಿ ಅವನದೇ. ಮನೆ ಮುಂದೆ ನಿಲ್ಲಿಸಿದ ಗಾಡಿ ಮುಳುಗಿದರೆ ಅದು ನೇರ ಹಾನಿ. ಬಂದ್ ಬಿದ್ದ ಗಾಡಿಗೆ ಸೆಲ್ಫ್ ಹೊಡೆದು ರಾಡ್ ಬಗ್ಗಿದರೆ, ಬಗ್ಗಿಸಿದ್ದು ನೀರಲ್ಲ, ನಿಮ್ಮ ಕೈ ಅನ್ನುತ್ತದೆ ಕಂಪನಿ.

ಸರ್ವೇಯರ್‌ಗೆ ಹೇಗೆ ಗೊತ್ತಾಗುತ್ತದೆ? ರಾಡ್ ಬಗ್ಗಿದ ಮೇಲೆ ಪಿಸ್ಟನ್ ಮೊದಲಿನ ಎತ್ತರಕ್ಕೆ ಬರುವುದಿಲ್ಲ. ಬಗ್ಗಿದ ಮೇಲೂ ಎಂಜಿನ್ ಸ್ವಲ್ಪ ಹೊತ್ತು ಓಡಿದ್ದರೆ ಸಿಲಿಂಡರ್ ಗೋಡೆಯಲ್ಲಿ ಹಳೆಯ ಮಸಿಯ ಗೆರೆಯ ಕೆಳಗೆ ಹೊಸ ಗೆರೆ ಕಾಣುತ್ತದೆ. ಕೆಸರಿನ ಗುರುತು ಎಷ್ಟು ಎತ್ತರ ಇದೆ, ಒಳಗೆ ಸೀಟಿನವರೆಗೆ ಬಂದಿದೆಯೋ ಇಲ್ಲವೋ ನೋಡುತ್ತಾರೆ. ಎಳೆದವರನ್ನೂ ಕೇಳುತ್ತಾರೆ.

ಆ ರೈತರ ಗಾಡಿಯ ಲೆಕ್ಕ ಹೀಗಾಯಿತು. ಒಟ್ಟು ಎಸ್ಟಿಮೇಟ್ 1,38,000 ರೂಪಾಯಿ. ಅದರಲ್ಲಿ ಎಂಜಿನ್ ಕೆಲಸ 1,04,000. ಮಗ ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟಿದ್ದ, ಗೇರಿನಲ್ಲಿ ಎಳೆಸಿದ್ದನ್ನೂ. ಎಂಜಿನ್ ಭಾಗ ಪೂರ್ತಿ ಹೋಯಿತು. ಉಳಿದದ್ದು ಸೀಟು, ಕಾರ್ಪೆಟ್, ವಯರಿಂಗ್, ಬೇರಿಂಗ್, ಸ್ವಚ್ಛತೆ, ಸೇರಿ 34,000. ಅದರಲ್ಲಿ 14,000 ಕೂಲಿ. ಪ್ಲಾಸ್ಟಿಕ್, ರಬ್ಬರ್ ಸಾಮಾನು 12,000, ಅದಕ್ಕೆ ಸವಕಳಿ ಅರ್ಧ, 6,000 ಕಡಿತ. ಲೋಹದ ಸಾಮಾನು 8,000, ಮೂರರಿಂದ ನಾಲ್ಕು ವರ್ಷದ ಗಾಡಿಗೆ ಕಾಲು ಭಾಗ, 2,000 ಕಡಿತ. ಉಳಿದ 26,000ದಲ್ಲಿ ಮಾಲೀಕರೇ ಹೊರಬೇಕಾದ 1,000 ತೆಗೆದು ಕೈಗೆ ಬಂದದ್ದು 25,000. ಮನೆಯಿಂದ ಹಾಕಿದ್ದು 1,13,000. ಸೆಲ್ಫ್ ಹೊಡೆಯದೆ, ಗೇರ್ ಹಾಕದೆ ತಂದಿದ್ದರೆ ಎಂಜಿನ್ ಕೆಲಸ ಎರಡು ಸಲದ ಎಣ್ಣೆ, ಫಿಲ್ಟರ್, ಪ್ಲಗ್ ಮತ್ತು ಒಂದು ದಿನದ ಕೂಲಿಯಲ್ಲಿ ಮುಗಿಯುವ ಸಾಧ್ಯತೆ ಬಹಳ ಇತ್ತು.

ಇದಕ್ಕೆ ಅಂತಲೇ ಎಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಕವರ್ ಇದೆ. ಪಾಲಿಸಿ ನವೀಕರಿಸುವಾಗಲೇ ಕೇಳಿ ಹಾಕಿಸಿಕೊಳ್ಳಬೇಕು, ಹೊಳೆ ಬಂದ ಮೇಲೆ ಅಲ್ಲ. ಗಾಡಿ ಹಳೆಯದಾದರೆ ಸುಮಾರು ಕಂಪನಿಗಳು ಕೊಡುವುದಿಲ್ಲ. ಬಂಪರ್ ಟು ಬಂಪರ್ ಅಂತ ಹೇಳಿ ಮಾರಿದ ಪಾಲಿಸಿಯಲ್ಲಿ ಇದು ಸೇರಿಯೇ ಇರುತ್ತದೆ ಅಂತ ತಿಳಿಯಬೇಡಿ. ಅದು ಸವಕಳಿಯ ಕವರ್, ಎಂಜಿನ್ನಿನದಲ್ಲ. ಪಾಲಿಸಿ ಹಾಳೆಯಲ್ಲಿ ಹೆಸರು ಬೇರೆಯಾಗಿ ಬರೆದಿರಬೇಕು. ಈ ಕವರ್ ಇದ್ದರೂ ತಡವಾಗಿ ತಿಳಿಸಿದ್ದಕ್ಕೆ, ಬಂದ್ ಬಿದ್ದ ಮೇಲೆ ಮತ್ತೆ ಮತ್ತೆ ಚಾಲೂ ಮಾಡಿದ್ದಕ್ಕೆ ತಕರಾರು ಬರುತ್ತದೆ.

ತಿರಸ್ಕಾರದ ಪತ್ರ ಬಂದರೆ

ಮೊದಲು ಕಾರಣ ಓದಿ. "ಎಂಜಿನ್ ಕೊಡುವುದಿಲ್ಲ" ಅಂತ ಬಾಯಿಮಾತಲ್ಲಿ ಹೇಳಿದರೆ ಒಪ್ಪಬೇಡಿ. ಯಾವ ಷರತ್ತಿನ ಪ್ರಕಾರ ಅಂತ ಬರವಣಿಗೆಯಲ್ಲಿ ಕೇಳಿ, ಸರ್ವೇ ವರದಿಯ ಪ್ರತಿ ಕೇಳಿ. ಹಾನಿ ಪಾಲಿಸಿಯ ಹೊರಗಿನದು ಅಂತ ತೋರಿಸುವ ಹೊಣೆ ಕಂಪನಿಯ ಮೇಲೆ ಇದೆ.

ನೀವು ಮತ್ತೆ ಚಾಲೂ ಮಾಡಿರದಿದ್ದರೆ, ಓಡುತ್ತಿರುವಾಗಲೇ ನೀರು ಎಳೆದು ಒಂದೇ ಏಟಿಗೆ ರಾಡ್ ಬಗ್ಗಿದ್ದರೆ, ನಿಮ್ಮ ಮಾತಿಗೆ ಬಲ ಇದೆ. ನೀರು ಮತ್ತು ಹಾನಿಯ ನಡುವೆ ಬೇರೆ ಯಾರ ಕೈಯೂ ಬಂದಿಲ್ಲ. ಇಂಥ ಕೇಸುಗಳಲ್ಲಿ ತೀರ್ಪು ಎರಡೂ ಕಡೆ ಬಂದಿವೆ, ಹಾಗಾಗಿ ನಿಮ್ಮ ಚಿತ್ರ, ಇಮೇಲ್, ಗ್ಯಾರೇಜಿನ ವಿಡಿಯೋಗಳೇ ತೂಕ. ಆ ರೈತರಿಗೆ ನಾನು ಮುಂದೆ ಹೋಗಿ ಅನ್ನಲಿಲ್ಲ. ಗೇರಿನಲ್ಲಿ ಎಳೆಸಿದ್ದು ಅವರ ಕೈಬರಹದಲ್ಲೇ ಇತ್ತು.

ಹೋಗುವ ದಾರಿ ಹೀಗಿದೆ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ಹಾಕಬಹುದು, ಫೋನ್ ಆದರೆ 155255. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆ ಆಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಫೀಸು ಇಲ್ಲ, ವಕೀಲರು ಬೇಡ. ಕಂಪನಿ ತಿರಸ್ಕರಿಸಿದ ಒಂದು ವರ್ಷದ ಒಳಗೆ ಕೊಡಬೇಕು. ಅದು ಬೇಡ ಅನ್ನಿಸಿದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ಅಲ್ಲಿಗೆ ಎರಡು ವರ್ಷದ ಅವಧಿ. ಒಂದೇ ವಿಷಯವನ್ನು ಎರಡೂ ಕಡೆ ಒಟ್ಟಿಗೆ ಹಾಕಬೇಡಿ, ಗ್ರಾಹಕ ಆಯೋಗದಲ್ಲಿ ನಡೆಯುತ್ತಿರುವುದನ್ನು ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ದೂರಿನ ಜೊತೆ ಪಾಲಿಸಿಯ ಪೂರ್ತಿ ಪ್ರತಿ, ತಿರಸ್ಕಾರದ ಪತ್ರ, ಸರ್ವೇ ವರದಿ, ಎಸ್ಟಿಮೇಟ್, ಮೊದಲ ದಿನದ ಇಮೇಲ್ ಇಡಿ. ಬಿಚ್ಚಿದ ರಾಡನ್ನು ಗ್ಯಾರೇಜಿನಲ್ಲಿ ಗುಜರಿಗೆ ಹಾಕಲು ಬಿಡಬೇಡಿ. ಚೀಲದಲ್ಲಿ ಕಟ್ಟಿ, ತಾರೀಖು ಬರೆದು, ಕೇಸು ಮುಗಿಯುವವರೆಗೆ ಮನೆಯಲ್ಲಿ ಇಟ್ಟುಕೊಳ್ಳಿ.